ಅಂಗೀಕಾರವಾದ ನಡಾವಳಿಯಲ್ಲಿ ಹಿಂದುಮುಂದಾದ ಎರಡು ಅಂಕಿ

ಜಿಲ್ಲಾ ಕೇಂದ್ರವೊಂದರ ಬಡಾವಣೆಯ ನಿವಾಸಿಗಳ ಸಂಘ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಣಿಯಾದದ್ದು. ಕಾರ್ಯಕಾರಿ ಸಮಿತಿಯಲ್ಲಿ 11 ಜನ. ಸಲಹೆ ಕೇಳಿಕೊಂಡು ಬಂದವರು ಕಾರ್ಯದರ್ಶಿ, ನಿವೃತ್ತ ಶಿಕ್ಷಕಿ. ಗುರುತು ಹತ್ತದ ಹಾಗೆ ದಿನಾಂಕ, ಪುಟಸಂಖ್ಯೆ, ಮೊತ್ತ ಬದಲಿಸಿದೆ. ಎಡವಟ್ಟು ಮಾತ್ರ ಇದ್ದ ಹಾಗೇ ಇದೆ.

ಜೂನ್ 9ರ ಸಮಿತಿ ಸಭೆಯಲ್ಲಿ ಬೋರ್‌ವೆಲ್‌ನ ಮೋಟಾರು ಮತ್ತು ಪ್ಯಾನೆಲ್ ಬೋರ್ಡು ಬದಲಿಸಲು 1,85,000 ರೂಪಾಯಿ ಮಂಜೂರಾಯಿತು. ನಡಾವಳಿ ಪುಸ್ತಕದ 64ನೇ ಪುಟದಲ್ಲಿ, 4ನೇ ಠರಾವಿನಲ್ಲಿ, ಅದು 1,58,000 ಎಂದು ದಾಖಲಾಯಿತು. ಜುಲೈ 14ರ ಸಭೆಯಲ್ಲಿ ‘ಹಿಂದಿನ ಸಭೆಯ ನಡಾವಳಿ ಓದಿ ಅಂಗೀಕರಿಸಲಾಯಿತು’ ಎಂದಾಗಿ ಅಧ್ಯಕ್ಷರ ಸಹಿಯೂ ಬಿತ್ತು. ಗಟ್ಟಿಯಾಗಿ ಓದಿದ್ದು ನಿಜವೇ, ಆದರೆ ಕೇಳುತ್ತಿದ್ದವರ ಕಿವಿಗೆ ‘ಒಂದು ಲಕ್ಷದ ಚಿಲ್ಲರೆ’ ಅಂತ ಬಿದ್ದರೆ ಸಾಕಾಗಿತ್ತು. ಆಗಸ್ಟ್ ಮೊದಲ ವಾರ ವೋಚರ್ ಜೋಡಿಸುವಾಗ ಖಜಾಂಚಿಗೆ ಬಿಲ್ಲು, ಚೆಕ್ಕು ಎರಡೂ 1,85,000 ಕಂಡವು. ಮಂಜೂರಾತಿಯಲ್ಲಿ 27,000 ಕಡಿಮೆ. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಪಕ್ಕಪಕ್ಕದ ಅಂಕಿ ಅದಲುಬದಲಾಗಿರಬಹುದು ಎಂಬುದು ಲೆಕ್ಕ ಬರೆಯುವವರ ಹಳೇ ಗುಮಾನಿ. ಇಲ್ಲಿ ಅದೇ ಆಗಿತ್ತು.

ಅಧ್ಯಕ್ಷರು ಹೇಳಿದ್ದು, “ಮೇಡಂ, ಎರಡು ಅಂಕಿ ತಾನೇ? ವೈಟ್ನರ್ ಹಚ್ಚಿ ಬರೆದುಬಿಡಿ.” ಜಂಟಿ ಕಾರ್ಯದರ್ಶಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಸದಸ್ಯರಿಗೆ ಕಳಿಸಲು ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದ ಟೈಪು ಪ್ರತಿಯಲ್ಲಿ ಮೊತ್ತ ತಿದ್ದಿ, ಅದೇ ಹೆಸರಿನ ಕಡತವನ್ನು ವಾಟ್ಸ್ಯಾಪ್ ಗುಂಪಿಗೆ ಮತ್ತೊಮ್ಮೆ ಹಾಕಿದ್ದರು. ತಿದ್ದುವ ಹೊತ್ತಿನಲ್ಲೇ 7ನೇ ಠರಾವಿಗೆ ಒಂದು ವಾಕ್ಯವನ್ನೂ ಸೇರಿಸಿದ್ದರು: ಖಜಾಂಚಿ ಊರಲ್ಲಿಲ್ಲದಾಗ ಜಂಟಿ ಕಾರ್ಯದರ್ಶಿ ಚೆಕ್ಕಿಗೆ ಸಹಿ ಮಾಡಬಹುದು ಎಂದು. ಅದು ಸಭೆಯಲ್ಲಿ ‘ಆಗಬೇಕಿತ್ತು, ಮರೆತೆವು’ ಎಂಬುದು ಅವರ ವಾದ. ಕಾರ್ಯದರ್ಶಿಯವರಿಗೆ ನಿದ್ದೆಗೆಡಿಸಿದ್ದು ಈ ಎರಡನೆಯದು. ಸರಿಯಾದ ಜಾಗಕ್ಕೇ ಅವರ ಆತಂಕ ಹೋಗಿತ್ತು.

ಮೊದಲು ಬೇರ್ಪಡಿಸಬೇಕಾದದ್ದು ಇದನ್ನೇ. ಸಭೆ ಒಂದು ಹೇಳಿ, ಪುಸ್ತಕ ಇನ್ನೊಂದು ಹೇಳಿದರೆ ಅದು ದಾಖಲೆಯ ತಪ್ಪು. ನಡಾವಳಿಗೆ ತಿದ್ದುಪಡಿ ತರಬಹುದು. ಸಭೆ ಹೇಳಿದ್ದನ್ನೇ ಪುಸ್ತಕವೂ ಹೇಳಿ, ಆ ತೀರ್ಮಾನವೇ ಈಗ ಸಾಲದು ಅನ್ನಿಸಿದರೆ ನಡಾವಳಿಯಲ್ಲಿ ತಿದ್ದಲು ಏನೂ ಇಲ್ಲ, ಹೊಸ ಠರಾವೇ ಬೇಕು. ಫಲವೂ ಬೇರೆ. ದಾಖಲೆ ತಿದ್ದಿದರೆ ಜೂನ್ 9ರಂದೇ ಇದ್ದ ಮಂಜೂರಾತಿ ಸರಿಯಾಗಿ ಕಾಣುತ್ತದೆ, ಜೂನ್ 20ರ ಚೆಕ್ಕಿಗೆ ಆಧಾರ ಸಿಗುತ್ತದೆ. ಹೊಸ ಠರಾವು ತನ್ನ ದಿನದಿಂದ ಮುಂದಕ್ಕೆ ನಡೆಯುತ್ತದೆ. ಸಹಿ ಮಾಡುವ ಅಧಿಕಾರವನ್ನು ‘ತಿದ್ದುಪಡಿ’ ಎಂಬ ಹೆಸರಿನಲ್ಲಿ ಜೂನ್‌ಗೆ ಸರಿಸಿದರೆ, ಯಾರೂ ಕೊಡದ ಅಧಿಕಾರವನ್ನು ಎರಡು ತಿಂಗಳು ಹಿಂದಿನಿಂದ ಕೊಟ್ಟಂತೆ. ಆದ್ದರಿಂದ ಒಂದೇ ಸಭೆ, ಎರಡು ಬೇರೆ ವಿಷಯ, ಎರಡು ಬೇರೆ ಠರಾವು ಎಂದು ಸೂಚಿಸಲಾಯಿತು.

ವೈಟ್ನರ್ ಯಾಕೆ ಬೇಡ ಎಂಬುದಕ್ಕೆ ಉಪದೇಶ ಬೇಕಿರಲಿಲ್ಲ, ಹಳೇ ಪ್ರತಿಗಳು ಎಲ್ಲೆಲ್ಲಿವೆ ಎಂದು ಎಣಿಸಿದರೆ ಸಾಕಿತ್ತು. ಜುಲೈ 14ರ ನಂತರ ಆ ಪುಟದ ನಕಲು ಬ್ಯಾಂಕಿಗೆ ಹೋಗಿತ್ತು, ಲೆಕ್ಕಪರಿಶೋಧಕರ ಕಚೇರಿಗೆ ಹೋಗಿತ್ತು, ಗುಂಪಿನಲ್ಲಿ ಅರವತ್ತು ಚಿಲ್ಲರೆ ಮನೆಗಳ ಫೋನಿನಲ್ಲಿತ್ತು. ಪುಸ್ತಕದಲ್ಲಿ ಬಿಳಿ ಬಳಿದ ಮರುಕ್ಷಣ ಆ ಪ್ರತಿಗಳೆಲ್ಲ ಪುಸ್ತಕದ ವಿರುದ್ಧ ಸಾಕ್ಷಿಯಾಗುತ್ತವೆ. ಆಮೇಲೆ ‘ಇದು ಬರೀ ಕೈತಪ್ಪು’ ಎಂದು ನಿಜ ಹೇಳಿದರೂ ನಂಬಿಸುವುದು ಕಷ್ಟ, ಬೇರೆ ಪುಟಗಳ ಮೇಲೂ ಅನುಮಾನ ಹತ್ತುತ್ತದೆ. ಕಂಪನಿಗಳ ಮಟ್ಟಿಗೆ 2013ರ ಕಂಪನಿ ಕಾಯ್ದೆಯ 118ನೇ ಕಲಂ ನಡಾವಳಿ ತಿರುಚಿದವರಿಗೆ ಎರಡು ವರ್ಷದವರೆಗಿನ ಸೆರೆವಾಸವನ್ನೂ 25,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡವನ್ನೂ ಹೇಳುತ್ತದೆ. ಬಡಾವಣೆಯ ಸಂಘಕ್ಕೆ ಆ ಕಲಂ ತಗಲುವುದಿಲ್ಲ. ಆದರೆ ‘ಎರಡು ಅಂಕಿ ತಾನೇ’ ಎನ್ನುವವರಿಗೆ ಅದನ್ನೊಮ್ಮೆ ಓದಿ ಹೇಳಿದರೆ ಕೈ ಸ್ವಲ್ಪ ಹಿಂದೆ ಬರುತ್ತದೆ.

ಕಾರ್ಯದರ್ಶಿಯವರಿಗೆ ಕೊಟ್ಟ ಮೊದಲ ಸಲಹೆ, 64ನೇ ಪುಟವನ್ನು ಸದ್ಯಕ್ಕೆ ಮುಟ್ಟಬೇಡಿ. ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ತಿದ್ದಿದ ಟೈಪು ಪ್ರತಿಯನ್ನು ಅಳಿಸುವುದೂ ಬೇಡ, ಅಳಿಸಿದರೆ ಅದೂ ಇನ್ನೊಂದು ಮುಚ್ಚುಮರೆ. ಕಡತದ ಹೆಸರಿಗೆ ‘ಅನಧಿಕೃತ, ಅಂಗೀಕಾರವಾಗಿಲ್ಲ’ ಎಂದು ಸೇರಿಸಿ ಇಡಿ. ಗುಂಪಿನಲ್ಲಿ ಎರಡೇ ಸಾಲು ಹಾಕಿ, ಸಹಿಯಾದ ಪುಸ್ತಕದ ಪ್ರತಿಯೇ ಅಧಿಕೃತ, ಮೊತ್ತದ ತಪ್ಪು ಮುಂದಿನ ಸಭೆಗೆ ಬರಲಿದೆ ಎಂದು.

ಆಮೇಲೆ ಪುರಾವೆ. ನೆನಪು ಪುರಾವೆಯಲ್ಲ, ಅದರಲ್ಲೂ ದುಡ್ಡಿನ ವಿಷಯದಲ್ಲಿ. ಕಾರ್ಯದರ್ಶಿಯವರ ಬಳಿ ಸಭೆಯಲ್ಲಿ ಪೆನ್ಸಿಲ್‌ನಲ್ಲಿ ಗೀಚಿಕೊಂಡ ಕಚ್ಚಾ ಪುಸ್ತಕ ಇತ್ತು, ಅದರಲ್ಲಿ ‘1.85, ಕಡಿಮೆ ದರ, ಒಪ್ಪಿಗೆ’ ಎಂದಿತ್ತು. ಬಂದಿದ್ದ ಮೂರು ಕೊಟೇಶನ್‌ಗಳಲ್ಲಿ ಕಡಿಮೆಯದು 1,85,000. 1,58,000ದ ಕೊಟೇಶನ್ನೇ ಇರಲಿಲ್ಲ. ಇಷ್ಟು ಸಾಕು. ಕಚ್ಚಾ ಟಿಪ್ಪಣಿಯನ್ನು ನಡಾವಳಿ ಅಂಗೀಕಾರವಾದ ಮರುದಿನವೇ ಹರಿದು ಹಾಕುವ ಅಭ್ಯಾಸ ಹಲವೆಡೆ ಇದೆ. ಕನಿಷ್ಠ ಆ ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಅದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಮೂರನೆಯದು ತಿಳುವಳಿಕೆ ಪತ್ರ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ತಿದ್ದುಪಡಿಯನ್ನು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬ ಕೊನೆಯ ಸಾಲಿನಡಿ ತೂರಿಸುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಜನ ಕಾಫಿ ಕುಡಿದು ಎದ್ದಿರುತ್ತಾರೆ. ಆಗಸ್ಟ್ 11ರ ಕಾರ್ಯಸೂಚಿಯಲ್ಲಿ ಅದನ್ನು ಸ್ವತಂತ್ರ ವಿಷಯವಾಗಿ ಹೀಗೆ ಹಾಕಲಾಯಿತು: ‘ಜೂನ್ 9ರ ಸಭೆಯ 4ನೇ ಠರಾವಿನಲ್ಲಿ (ನಡಾವಳಿ ಪುಸ್ತಕ ಪುಟ 64) ದಾಖಲಾಗಿರುವ 1,58,000 ರೂ. ಮೊತ್ತವನ್ನು 1,85,000 ರೂ. ಎಂದು ತಿದ್ದುಪಡಿ ಮಾಡುವ ಬಗ್ಗೆ.’ ಹಳೆಯದು, ಹೊಸದು ಎರಡೂ ಪತ್ರದಲ್ಲೇ ಇರಬೇಕು. ಬಹುಮತ ಎಷ್ಟು ಬೇಕು ಎಂಬುದಕ್ಕೆ ಬೈಲಾ ಮೊದಲು. ಈ ಸಂಘದ ಬೈಲಾ ಮೌನವಾಗಿತ್ತು. ಅಮೆರಿಕದ ಸಭಾನಿಯಮಗಳ ಕೈಪಿಡಿಯಾದ ರಾಬರ್ಟ್ಸ್ ರೂಲ್ಸ್‌ನ ಪ್ರಕಾರ, ಅಂಗೀಕಾರವಾದದ್ದನ್ನು ತಿದ್ದಲು ಮುಂಚಿತವಾಗಿ ತಿಳಿಸಿದ್ದರೆ ಸರಳ ಬಹುಮತ ಸಾಕು; ತಿಳಿಸದಿದ್ದರೆ ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ, ಇಲ್ಲವೇ ಒಟ್ಟು ಸದಸ್ಯರ ಬಹುಮತ ಬೇಕು. ನಮ್ಮ ಸಂಘಗಳನ್ನು ಅದು ಕಟ್ಟಿಹಾಕುವುದಿಲ್ಲ, ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಸಭೆಯಲ್ಲಿ ಒಂಬತ್ತು ಜನ ಇದ್ದರು. ಒಬ್ಬ ಹಿರಿಯರು, “ನನಗೆ ನೆನಪಿರೋದು ಐವತ್ತೆಂಟೇ” ಎಂದು ಪಟ್ಟು ಹಿಡಿದರು. ಅವರ ಮುಂದೆ ಕೊಟೇಶನ್‌ಗಳನ್ನೂ ಕಚ್ಚಾ ಪುಸ್ತಕವನ್ನೂ ಇಟ್ಟು, ಆಮೇಲೂ ಒಪ್ಪದಿದ್ದರೆ ಅಸಮ್ಮತಿಯನ್ನು ಹೆಸರು ಸಮೇತ ಬರೆದುಕೊಳ್ಳಿ ಎಂದು ಮೊದಲೇ ಹೇಳಲಾಗಿತ್ತು. ಎಲ್ಲರೂ ಒಪ್ಪಲೇಬೇಕೆಂದು ಸಭೆ ಎಳೆಯುವುದು ಬೇಕಿಲ್ಲ. ಇನ್ನೊಬ್ಬರು ತಾವು ಜೂನ್ ಸಭೆಗೇ ಬಂದಿರಲಿಲ್ಲ, ಮತ ಹಾಕಬಹುದೇ ಎಂದು ಕೇಳಿದರು. ಹಾಕಬಹುದು; ದಾಖಲೆ ನೋಡಿ ತೀರ್ಮಾನಿಸುವುದಕ್ಕೆ ಅಂದು ಹಾಜರಿರಲೇಬೇಕೆಂದಿಲ್ಲ. ಪುರಾವೆ ಎರಡೂ ಕಡೆ ತೂಗುವಂತಿದ್ದರೆ ಮಾತ್ರ ಸಲಹೆ ಬೇರೆಯಾಗುತ್ತಿತ್ತು: ನಡಾವಳಿ ಹಾಗೇ ಇರಲಿ, ಹೆಚ್ಚಾದ 27,000ಕ್ಕೆ ಘಟನೋತ್ತರ ಮಂಜೂರಾತಿಯ ಠರಾವು ಮಾಡಿ ಎಂದು.

73ನೇ ಪುಟದಲ್ಲಿ ದಾಖಲಾದದ್ದು ಇಷ್ಟು: ‘ಜೂನ್ 9ರ ಸಭೆಯ 4ನೇ ಠರಾವಿನಲ್ಲಿ, ನಡಾವಳಿ ಪುಸ್ತಕದ 64ನೇ ಪುಟದಲ್ಲಿ, ರೂ. 1,58,000 ಎಂದು ದಾಖಲಾಗಿರುವುದು ಬರವಣಿಗೆಯ ತಪ್ಪು ಎಂದು ಕೊಟೇಶನ್ ಹಾಗೂ ಸಭೆಯ ಟಿಪ್ಪಣಿಯಿಂದ ಕಂಡುಬಂದಿದ್ದು, ಸದರಿ ಮೊತ್ತವನ್ನು ರೂ. 1,85,000 (ಒಂದು ಲಕ್ಷ ಎಂಬತ್ತೈದು ಸಾವಿರ) ಎಂದು ಓದಿಕೊಳ್ಳತಕ್ಕದ್ದು. ಠರಾವಿನ ಉಳಿದ ಭಾಗದಲ್ಲಿ ಬದಲಾವಣೆ ಇಲ್ಲ.’ ಕೆಳಗೆ ಸೂಚಿಸಿದವರು, ಅನುಮೋದಿಸಿದವರು, ಪರ 8, ವಿರೋಧ 1. ‘ಉಳಿದ ಭಾಗದಲ್ಲಿ ಬದಲಾವಣೆ ಇಲ್ಲ’ ಎಂಬ ಸಾಲು ಚಿಕ್ಕದು, ಆದರೆ ತಿದ್ದುಪಡಿಯ ಬಾಲ ಹಿಡಿದು ಬೇರೇನೂ ಒಳಗೆ ಬಾರದಂತೆ ಬಾಗಿಲು ಹಾಕುವುದು ಅದೇ. ಜಂಟಿ ಕಾರ್ಯದರ್ಶಿಯ ಸಹಿ ಅಧಿಕಾರ ಮುಂದಿನ ವಿಷಯವಾಗಿ ಬಂತು, ಚರ್ಚೆಯಾಗಿ ಆಗಸ್ಟ್ 11ರಿಂದ ಜಾರಿ ಎಂದು ಠರಾವಾಯಿತು.

ಈ ಹಂತ ಮುಗಿದ ಮೇಲಷ್ಟೇ 64ನೇ ಪುಟಕ್ಕೆ ಪೆನ್ನು ಹೋಗಬೇಕು, ಅದೂ ಅಂಚಿನಲ್ಲಿ ಒಂದು ಷರಾ ಬರೆಯಲು: ‘ಮೊತ್ತದ ತಿದ್ದುಪಡಿಗೆ ಆಗಸ್ಟ್ 11ರ ಸಭೆಯ 3ನೇ ಠರಾವು, ಪುಟ 73 ನೋಡುವುದು’, ಪಕ್ಕದಲ್ಲಿ ಅಧ್ಯಕ್ಷರ, ಕಾರ್ಯದರ್ಶಿಯವರ ಚಿಕ್ಕ ಸಹಿ, ದಿನಾಂಕ. 1,58,000 ಎಂಬುದನ್ನು ಹೊಡೆದುಹಾಕುವುದೂ ಬೇಡ, ಮೇಲೆ ಬರೆಯುವುದೂ ಬೇಡ. ತಪ್ಪು ಓದಲು ಬರುವಂತೆಯೇ ಇರಬೇಕು.

ಇಲ್ಲೊಂದು ಎಚ್ಚರಿಕೆಯನ್ನೂ ಕೊಡಲಾಗಿತ್ತು. ಇದು ಸಮಿತಿಯ ನಡಾವಳಿ, ಆದ್ದರಿಂದ ಸಮಿತಿಯೇ ತಿದ್ದಿತು. ವಾರ್ಷಿಕ ಮಹಾಸಭೆಯ ನಡಾವಳಿಯಲ್ಲಿ ಇದೇ ತಪ್ಪಾಗಿದ್ದರೆ ಸಮಿತಿ ಸರ್ವಾನುಮತದಿಂದ ಕೂತರೂ ಅದನ್ನು ತಿದ್ದಲು ಬರುವುದಿಲ್ಲ, ಮುಂದಿನ ಮಹಾಸಭೆಗೇ ಒಯ್ಯಬೇಕು. ಅಲ್ಲಿಯವರೆಗೆ ತಪ್ಪು ಗಮನಕ್ಕೆ ಬಂದಿದೆ ಎಂದು ಸಮಿತಿ ತನ್ನ ನಡಾವಳಿಯಲ್ಲಿ ಬರೆದುಕೊಳ್ಳಬಹುದು, ಅಷ್ಟೇ.

ಕೊನೆಯ ಕೆಲಸ, ಹಳೇ ನಕಲು ಹೋದಲ್ಲೆಲ್ಲ 73ನೇ ಪುಟದ ದೃಢೀಕೃತ ನಕಲು ಕಳಿಸುವುದು. ಬ್ಯಾಂಕಿಗೆ ಎರಡು ಠರಾವುಗಳನ್ನೂ ಬೇರೆ ಬೇರೆ ಹಾಳೆಯಲ್ಲಿ ಕೊಡಲಾಯಿತು, ಏಕೆಂದರೆ ಸಹಿ ಅಧಿಕಾರದ ಹಾಳೆ ಮಾತ್ರ ಅವರ ಖಾತೆ ಕಡತಕ್ಕೆ ಸೇರುವಂಥದ್ದು. ಲೆಕ್ಕಪರಿಶೋಧಕರ ಪ್ರತಿಗೆ ಕಡಿಮೆ ದರದ ಕೊಟೇಶನ್ನಿನ ನಕಲನ್ನೂ ಹಚ್ಚಲಾಯಿತು. ಗುಂಪಿಗೆ ಹೊಸ ಕಡತ ಹಾಕುವಾಗ ಹಳೇ ಹೆಸರನ್ನೇ ಬಳಸದೆ ‘ಆಗಸ್ಟ್ 11 ತಿದ್ದುಪಡಿ’ ಎಂದು ಹೆಸರಿಡಲಾಯಿತು. ಆ ಪುಸ್ತಕದಲ್ಲಿ ಈಗ ಮೊತ್ತಗಳು ಅಂಕಿಯ ಜೊತೆಗೆ ಅಕ್ಷರದಲ್ಲೂ ಇರುತ್ತವೆ.