ಕ್ಯಾಲ್ಸಿಯಂ ಏರ್ತಿದ್ರೆ ಮೊದಲು ನೀರು ನೋಡ್ರಿ

"ಕಂಟ್ರೋಲ್‌ನಾಗ ಕ್ಯಾಲ್ಸಿಯಂ ದಿನಾ ಸ್ವಲ್ಪ ಏರ್ಲಿಕತ್ತದ, ಗ್ಲೂಕೋಸ್ ಸರಿ ಅದ. ಮತ್ತೊಮ್ಮೆ ಕ್ಯಾಲಿಬ್ರೇಷನ್ ಮಾಡ್ಲೇನ್ರಿ?"

ಈಗಲೇ ಬ್ಯಾಡ್ರಿ. ಕಲಬುರಗಿಯ ನಮ್ಮ ಲ್ಯಾಬಿನಾಗ ಇದೇ ಆಗಿತ್ತು. 9.0 ಇರಬೇಕಾದ ಕಂಟ್ರೋಲ್ 9.5ಕ್ಕೆ ಬಂದಿತ್ತು. ಎಲ್ಲರೂ ರಿಯೇಜೆಂಟ್ ಬದಲಿಸೋಣ ಅಂದ್ರು. ಹೊಸದಾಗಿ ಸೇರಿದ್ದ ಟೆಕ್ನೀಷಿಯನ್ ಹುಡುಗಿ ಮಾತ್ರ, "ಸರ್, ಪುಡಿ ಕಂಟ್ರೋಲ್ ಕರಗಿಸೋದು ನಮ್ಮ ನೀರಿನಾಗ ಅಲ್ರೀ?" ಅಂದಳು.

ಆಕೆ ಅದೇ ಲಾಟಿನ ಎರಡು ಬಾಟಲಿ ತಗೊಂಡು, ಒಂದನ್ನು ನಮ್ಮ ಲ್ಯಾಬಿನ ನೀರು ಶುದ್ಧ ಮಾಡೋ ಪ್ಲಾಂಟಿನ ನೀರಿನಾಗ, ಇನ್ನೊಂದನ್ನು ಇಂಜೆಕ್ಷನ್‌ಗೆ ಬಳಸುವ ಸೀಲ್ ಆಂಪೂಲಿನ ನೀರಿನಾಗ ಕರಗಿಸಿದಳು. ಎರಡನೆಯದು 9.0 ತೋರಿಸಿತು. ಆಮೇಲೆ ಪ್ಲಾಂಟಿನ ನೀರನ್ನೇ ಸ್ಯಾಂಪಲ್ ಆಗಿ ಓಡಿಸಿದಳು. ಸೊನ್ನೆ ಬರಬೇಕಾದಲ್ಲಿ 0.5 ಬಂತು! ಕಂಡಕ್ಟಿವಿಟಿ ಮೀಟರ್ ಇಟ್ಟರೆ 40 ಮೈಕ್ರೋಸೀಮೆನ್ಸ್. ಲ್ಯಾಬ್ ನೀರಿಗೆ 0.1ಕ್ಕಿಂತ ಹೆಚ್ಚಿರಬಾರದು.

ನಮ್ಮ ಕಡೆ ಸುಣ್ಣಕಲ್ಲಿನ ನೆಲ, ಬೋರಿನ ನೀರು ಗಡಸು. ಡಿಅಯಾನೈಸರ್ ಕಾರ್ಟ್ರಿಜ್‌ನ ರೆಸಿನ್ ತುಂಬಿಹೋದ ಮೇಲೆ ಕ್ಯಾಲ್ಸಿಯಂ ಸೋರಿ ಬರ್ತದ. ಗ್ಲೂಕೋಸಿಗೆ ಅದರ ಗೊಡವೆ ಇಲ್ಲ, ಹಂಗಾಗಿ ಅದು ಸರಿ ಕಾಣ್ತದ.

ಈಗ ಕ್ಯಾಲಿಬ್ರೇಟ್ ಮಾಡಿದ್ರೆ ಏನಾಗ್ತದ? ಕ್ಯಾಲಿಬ್ರೇಟರ್ ಕೂಡ ಅದೇ ನೀರಿನಾಗ ಕರಗ್ತದ. ಲೇಬಲ್‌ನಾಗ 10 ಅಂತಿದ್ರೂ ಒಳಗ 10.5 ಇರ್ತದ, ಮಷಿನ್ ಅದನ್ನೇ 10 ಅಂತ ಕಲಿತದ. ಕಂಟ್ರೋಲ್ ಮತ್ತೆ ಸರಿ ಬಂದಂಗ ಕಾಣ್ತದ, ಆದ್ರ ರೋಗಿಗಳ ಕ್ಯಾಲ್ಸಿಯಂ ಸುಮಾರು 5% ಕಡಿಮೆ ಬರ್ತದ. ಅದನ್ನು ಹಿಡಿಯೋದು ಭಾಳ ಕಷ್ಟ.

ಕಾರ್ಟ್ರಿಜ್ ಬದಲಿಸಿ, ಟ್ಯಾಂಕಿನ ಹಳೆ ನೀರು ಪೂರ್ತಿ ಚೆಲ್ಲಿ, ಹೊಸ ಬಾಟಲಿ ಕರಗಿಸಿ ನೋಡ್ರಿ. ಆಂಪೂಲ್ ಪರೀಕ್ಷೆಯಲ್ಲೂ ಕಂಟ್ರೋಲ್ ಮೇಲೆಯೇ ಇದ್ರೆ ಮಾತ್ರ ರಿಯೇಜೆಂಟ್ ಕಡೆ ಹೋಗ್ರಿ.