ಬೇಡ ಅನ್ನುವಾಗ ಎಂಥದ್ದು ಬೇಕು ಅಂತಲೂ ಬರೆಯಿರಿ

ಪ್ರಶ್ನೆ: ರಿಕ್ರೂಟರ್ ಒಬ್ಬರು ಹೇಳಿದ ಕೆಲಸ ನನಗೆ ಹೊಂದುವುದಿಲ್ಲ. ಬೇಡ ಅಂದರೆ ಮುಂದೆ ಒಳ್ಳೆಯದು ಬಂದಾಗ ನನ್ನನ್ನು ಮರೆತುಬಿಡ್ತಾರಾ? ಹೇಗೆ ಹೇಳಲಿ?

ಅವರು ನಿಮ್ಮ ರೆಸ್ಯೂಮೆಯನ್ನು ಕಂಪನಿಗೆ ಕಳಿಸುವ ಮೊದಲೇ ಹೇಳಿಬಿಡಿ. ಆಗ ಅವರಿಗೆ ಬೇಜಾರಾಗುವಂಥದ್ದು ಏನೂ ಇಲ್ಲ. ಇಂಟರ್‌ವ್ಯೂ ದಿನ ಗೊತ್ತುಮಾಡಿದ ಮೇಲೆ ಕೈ ಎತ್ತಿದರೆ ಕಂಪನಿಯವರ ಮುಂದೆ ಅವರ ಮರ್ಯಾದೆ ಹೋಗುತ್ತದೆ. ಅದನ್ನು ಅವರು ಮರೆಯುವುದಿಲ್ಲ ಮಾರಾಯ್ರೆ.

ನಾನು ಮಂಗಳೂರಿನ ಕೊಟ್ಟಾರದವನು, ಜಾವಾ ಬ್ಯಾಕೆಂಡ್ ಡೆವಲಪರ್. ಮೊದಲೊಮ್ಮೆ ಸಪೋರ್ಟ್ ಕೆಲಸ ಬಂದಾಗ "ಸದ್ಯಕ್ಕೆ ಬೇಡ, ಮುಂದೆ ಏನಾದರೂ ಇದ್ದರೆ ತಿಳಿಸಿ" ಅಂತ ಬರೆದಿದ್ದೆ. ಎರಡು ತಿಂಗಳಿಗೆ ಅದೇ ಥರದ ಕೆಲಸ ಬೇರೆ ಕಂಪನಿಯ ಹೆಸರಲ್ಲಿ ಬಂತು! ಅವರು ಪಟ್ಟಿಯಲ್ಲಿ ಹುಡುಕುವುದು ಸ್ಕಿಲ್, ಊರು, ನೋಟಿಸ್ ಪೀರಿಯಡ್, ಸಂಬಳ ಹಾಕಿ. "ಏನಾದರೂ" ಅಂತ ಹಾಕಿ ಹುಡುಕಲಿಕ್ಕೆ ಆಗುತ್ತದಾ?

ಹೋದ ವರ್ಷ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯ ಮೇಡಂ ಮತ್ತೆ ಪ್ರೊಡಕ್ಷನ್ ಸಪೋರ್ಟೇ ತಂದರು, ಅದೂ ನೈಟ್ ಶಿಫ್ಟ್. ಅವತ್ತೇ ಸಂಜೆ ಇಂಗ್ಲಿಷಿನಲ್ಲಿ ಉತ್ತರ ಬರೆದೆ. ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ನೆನಪಿಟ್ಟು ಕೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ. ಇದು ಹೆಚ್ಚಾಗಿ ಸಪೋರ್ಟ್ ಕೆಲಸ, ನಾನು ಆರು ವರ್ಷದಿಂದ ಕೋಡ್ ಬರೆಯುವವನು. ಹಾಗಾಗಿ ರೆಸ್ಯೂಮೆ ಕಳಿಸಬೇಡಿ. ಜಾವಾ, ಸ್ಪ್ರಿಂಗ್ ಬೂಟ್ ಡೆವಲಪ್‌ಮೆಂಟ್ ಇದ್ದರೆ ಖಂಡಿತ ಹೇಳಿ. ಮಂಗಳೂರು, ಮಣಿಪಾಲ ಅಥವಾ ವರ್ಕ್ ಫ್ರಮ್ ಹೋಮ್ ಆಗಬೇಕು. ನೋಟಿಸ್ 60 ದಿನ. 18 ಲಕ್ಷಕ್ಕಿಂತ ಕಡಿಮೆ ಆಗುವುದಿಲ್ಲ."

ಕಾರಣ ಒಂದೇ ಕೊಟ್ಟೆ, ಅದೂ ಕೆಲಸದ್ದು. ಸಂಬಳ ಕಡಿಮೆ ಅಂತ ಸುಮ್ನೆ ನೆಪ ಹೇಳಿದ್ದರೆ ಅವರು ಎರಡು ಲಕ್ಷ ಜಾಸ್ತಿ ಮಾಡಿಸಿ ಮತ್ತೆ ಫೋನ್ ಮಾಡುತ್ತಿದ್ದರು. ಆಮೇಲೆ ಏನು ಹೇಳುವುದು?

"ನೋಟಿಸ್ 30ಕ್ಕೆ ಇಳಿಸಬಹುದಾ?" ಅಂತ ಅವರು ತಿರುಗಿ ಕೇಳಿದರು. ಆಗಲೇ ಗೊತ್ತಾಯಿತು, ಹೆಸರು ಬರೆದುಕೊಳ್ಳುತ್ತಿದ್ದಾರೆ ಅಂತ. ಬರೀ "ಶೂರ್" ಅಂತ ಬಂದರೆ ಹೆಚ್ಚು ನಂಬಬೇಡಿ. ಇದರಲ್ಲಿ ಅವರಿಗೂ ಲಾಭ ಉಂಟು. ಆಳು ಕೆಲಸಕ್ಕೆ ಸೇರಿದರೆ ಕನ್ಸಲ್ಟೆನ್ಸಿಗೆ ಕಂಪನಿಯಿಂದ ವರ್ಷದ ಸಂಬಳದಲ್ಲಿ ಒಂದು ಪಾಲು ಸಿಗುತ್ತದೆ. 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳದಷ್ಟು, ನಮ್ಮಲ್ಲಿ ಮಾಮೂಲು ಲೆಕ್ಕ.

ಇನ್ನೊಂದು ಎಡವಟ್ಟು ನನ್ನದೇ. ನೌಕ್ರಿಯ ನನ್ನ ಪ್ರೊಫೈಲಿನಲ್ಲಿ ಮೊದಲ ಕೆಲಸದ "ಪ್ರೊಡಕ್ಷನ್ ಸಪೋರ್ಟ್" ಇನ್ನೂ ಮೇಲಿನ ಸಾಲಿನಲ್ಲೇ ಕೂತಿತ್ತು! ಅದನ್ನು ತೆಗೆದ ಮೇಲೆ ಆ ಕರೆಗಳು ಕಡಿಮೆಯಾದವು. ನಿಮ್ಮದನ್ನೂ ಒಮ್ಮೆ ನೋಡಿ.

ನೂರಾರು ಜನರಿಗೆ ಒಟ್ಟಿಗೆ ಹೋಗುವ ಮೇಲ್‌ಗೆ ಇಷ್ಟೆಲ್ಲ ಬರೆಯಬೇಕಾಗಿಲ್ಲ. ನಿಮ್ಮ ರೆಸ್ಯೂಮೆ ಓದಿದ ಗುರುತು ಇದ್ದರೆ ಮಾತ್ರ ಬರೆಯಿರಿ.

ಐದು ತಿಂಗಳ ಮೇಲೆ ಅದೇ ಮೇಡಂ ಫೋನ್ ಮಾಡಿದರು. ಸ್ಪ್ರಿಂಗ್ ಬೂಟ್, ಮನೆಯಿಂದಲೇ ಕೆಲಸ. ಎರಡನೇ ರೌಂಡಿನಲ್ಲಿ ನಾನು ಫೇಲ್ ಆದೆ, ಅದು ಬೇರೆ ಕತೆ.