“ಅಣ್ಣ, ಸ್ವಲ್ಪ ನೋಡ್ಕೊಳ್ಳಿ”: ಹೊಸ ಮೇಲ್ವಿಚಾರಕಿಯೊಬ್ಬರ ಪ್ರಕರಣ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಹಲವು ವರ್ಷ ಮಾದರಿ ಪರೀಕ್ಷೆಯ ಕೆಲಸ ಮಾಡಿ, ಅದೇ ವಿಭಾಗಕ್ಕೆ ಮೇಲ್ವಿಚಾರಕಿಯಾಗಿ ಬಡ್ತಿ ಪಡೆದ ಮಹಿಳೆಯೊಬ್ಬರು ಜನವರಿಯ ಕೊನೆಯಲ್ಲಿ ಆಪ್ತಸಲಹೆಗೆ ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿದ್ರೆ ಬರುತ್ತಿಲ್ಲ, ರಾತ್ರಿ ಒಂಬತ್ತಕ್ಕೆ ಮುಂಚೆ ಮನೆ ಸೇರಲಾಗುತ್ತಿಲ್ಲ, ಬಡ್ತಿಯನ್ನು ಹಿಂದಿರುಗಿಸಿ ಹಳೆಯ ಮೇಜಿಗೇ ಹೋಗಿಬಿಡಲೇ ಎಂಬುದು ಅವರ ಪ್ರಶ್ನೆಯಾಗಿತ್ತು. ಕೈಕೆಳಗೆ ನಾಲ್ವರಿದ್ದರೂ ಎಲ್ಲ ಕೆಲಸವೂ ತಿರುಗಿ ತಮ್ಮ ಬಳಿಗೇ ಬರುತ್ತಿದೆ ಎಂದರು.

ಕೆಲಸದ ಸ್ವರೂಪ ತಿಳಿಯದೆ ಇಲ್ಲಿ ಸಲಹೆ ಹೇಳಲಾಗದು. ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಿಂದ ಹಣ್ಣಿನ ಹೊರಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಮತ್ತು ಹಣ್ಣನ್ನು ಇಡಿಯಾಗಿ ಒಣಗಿಸಿದ ಚೆರ್ರಿ ಕಾಫಿ ಬಂದಾಗ ಮೊದಲು ತೇವಾಂಶ ನೋಡಿ ಇಳಿಸಿಕೊಳ್ಳಬೇಕು. ಬಳಿಕ ಪ್ರತಿ ಲಾಟಿನ ಮಾದರಿಯನ್ನು ಸಿಪ್ಪೆ ಬಿಡಿಸಿ ತೂಗಿ, ಎಷ್ಟು ಶುದ್ಧ ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್ ವರದಿ ಕೊಡಬೇಕು. ಅರೇಬಿಕಾ ಪಾರ್ಚ್‌ಮೆಂಟ್‌ನಲ್ಲಿ ಇದು ಸುಮಾರು ಶೇ. 80ರಷ್ಟಿದ್ದರೆ ಚೆರ್ರಿಯಲ್ಲಿ ಅರ್ಧದಷ್ಟು ಮಾತ್ರ. ಬೆಳೆಗಾರರ ಕೈಗೆ ಬರುವ ಹಣ ಈ ಅಂಕಿಯ ಮೇಲೆ ನಿಂತಿರುವುದರಿಂದ ವರದಿ ತಡವಾದರೂ ತಪ್ಪಾದರೂ ಜಗಳ ಖಂಡಿತ. ತೇವ ಹೆಚ್ಚಿರುವ ಲಾಟು ಗೋದಾಮು ಸೇರಿದರೆ ಬೂಸ್ಟು ಹಿಡಿಯುವ ಭಯ ಬೇರೆ.

ತೇವಾಂಶದ ಹೊಣೆಯನ್ನು ಅವರು ಐವತ್ತು ದಾಟಿದ ಹಿರಿಯ ಸಹಾಯಕರೊಬ್ಬರಿಗೆ ಒಪ್ಪಿಸಿದ್ದರು. ಒಂದು ಕಾಲಕ್ಕೆ ಮಾದರಿ ತೆಗೆಯುವುದನ್ನು ಇವರಿಗೆ ಕಲಿಸಿದವರೇ ಅವರು. ಒಪ್ಪಿಸುವಾಗ ಆಡಿದ ಮಾತುಗಳನ್ನು ಇದ್ದ ಹಾಗೇ ಹೇಳಿ ಎಂದು ಕೇಳಿದೆ. “ಅಣ್ಣ, ಇನ್ನು ಮುಂದೆ ಇಳಿಸೋ ಕಡೆ ನೀವೇ ಸ್ವಲ್ಪ ನೋಡ್ಕೊಳ್ಳಿ ಅಂದೆ” ಎಂದರು. ಒಂದು ಸಂಜೆ ದೊಡ್ಡ ತೋಟವೊಂದರ ಲಾರಿ ಬಂತು, ಮೀಟರು ಮಿತಿಗಿಂತ ಹೆಚ್ಚು ತೋರಿಸಿತು. ಸಹಾಯಕರು ಇವರಿಗೆ ಫೋನ್ ಮಾಡಿದರು. ಇವರು ಮ್ಯಾನೇಜರ್ ಜೊತೆ ಸಭೆಯಲ್ಲಿದ್ದುದರಿಂದ ಎತ್ತಲಿಲ್ಲ. ತೋಟದ ರೈಟರು ಅವಸರ ಮಾಡಿದ, ಹಮಾಲಿಗಳು ಚೀಲ ಇಳಿಸಿದರು, ರಾತ್ರಿಯೊಳಗೆ ಅದು ಒಣಗಿದ ಲಾಟುಗಳ ಮಗ್ಗುಲಲ್ಲಿ ಅಟ್ಟಿಯಾಗಿತ್ತು. ಅಂದಿನಿಂದ ಇವರು ಪ್ರತಿ ಲಾರಿಯ ಬಳಿಯೂ ತಾವೇ ನಿಲ್ಲತೊಡಗಿದರು.

ಸಹಾಯಕರ ಅಸಡ್ಡೆಯೇ ಕಾರಣವೆಂದು ಅವರು ನಂಬಿದ್ದರು. ನನಗೆ ಹಾಗೆ ಕಾಣಲಿಲ್ಲ. ತೇವ ನೋಡುವ ಕೆಲಸ ಆ ಹಿರಿಯರಿಗೆ ಸಿಕ್ಕಿತ್ತು, ಲಾರಿಯನ್ನು ತಡೆದು ನಿಲ್ಲಿಸುವ ಅಧಿಕಾರ ಸಿಕ್ಕಿರಲಿಲ್ಲ. ಇನ್ನೂ ವಿಚಾರಿಸಿದಾಗ, ಆ ಅಧಿಕಾರ ಸ್ವತಃ ಈ ಮೇಲ್ವಿಚಾರಕಿಗೇ ಸ್ಪಷ್ಟವಾಗಿ ಇರಲಿಲ್ಲವೆಂಬುದು ಗೊತ್ತಾಯಿತು: ದೊಡ್ಡ ಬೆಳೆಗಾರರ ಲಾಟನ್ನು ಹಿಂದಕ್ಕೆ ಕಳಿಸುವ ಮುನ್ನ ಮ್ಯಾನೇಜರನ್ನು ಕೇಳುವುದು ರೂಢಿ. ತನ್ನಲ್ಲಿಲ್ಲದ ಅಧಿಕಾರವನ್ನು ಯಾರೂ ಕೆಳಗಿನವರಿಗೆ ಕೊಡಲಾರರು. ಆದ್ದರಿಂದ ಮೊದಲ ಮಾತುಕತೆ ಮ್ಯಾನೇಜರ್ ಜೊತೆ ಆಗಬೇಕು, ಸಹಾಯಕರ ಜೊತೆಗಿನದು ಆಮೇಲೆ ಎಂದು ಸಲಹೆ ನೀಡಿದೆ.

ನಂತರ ಇಬ್ಬರೂ ಕುಳಿತು ಒಂದು ಹಾಳೆಯಲ್ಲಿ ಬರೆಯಬಹುದಾದ ಒಪ್ಪಂದವನ್ನು ಸಿದ್ಧಪಡಿಸಿದೆವು. ‘ನೋಡಿಕೊಳ್ಳಿ’ ಎಂಬುದರ ಬದಲು ಮುಗಿದ ಕೆಲಸ ಹೇಗಿರಬೇಕೆಂದು ಬರೆದೆವು: ದಿನದ ಕೊನೆಗೆ ಮಿತಿ ಮೀರಿದ ಒಂದು ಚೀಲವೂ ಗೋದಾಮಿನೊಳಗೆ ಇರಬಾರದು, ಮತ್ತು ಇಳಿಸಿದ ಪ್ರತಿ ಲಾಟಿಗೂ ಬೇರೆ ಬೇರೆ ಐದು ಚೀಲಗಳ ಮಾದರಿಯ ತೇವಾಂಶ ಪುಸ್ತಕದಲ್ಲಿ ದಾಖಲಾಗಿರಬೇಕು. ಯಾವ ಲಾರಿಯನ್ನು ಮೊದಲು ಕರೆಯಬೇಕು, ಹಮಾಲಿಗಳನ್ನು ಹೇಗೆ ಹಂಚಬೇಕು ಎಂಬುದನ್ನು ಹಿರಿಯರ ವಿವೇಚನೆಗೆ ಬಿಟ್ಟೆವು; ಅದರಲ್ಲಿ ಇವರಿಗಿಂತ ಅವರಿಗೇ ಅನುಭವ ಹೆಚ್ಚು.

ಅಧಿಕಾರದ ಭಾಗಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಪಾರ್ಚ್‌ಮೆಂಟ್‌ಗೆ ಆ ಸಂಸ್ಥೆ ಇಟ್ಟುಕೊಂಡಿದ್ದ ಮಿತಿ ಶೇ. 10.5. ಅದರೊಳಗಿದ್ದರೆ ಸಹಾಯಕರು ಯಾರನ್ನೂ ಕೇಳದೆ ಇಳಿಸಿಕೊಳ್ಳುವುದು. ಮಿತಿ ಮೀರಿ ಶೇ. 12ರವರೆಗೆ ಇದ್ದರೆ, ಬೆಳೆಗಾರರ ಕಡೆಯವರನ್ನು ಒಪ್ಪಿಸಿ ಕಣದಲ್ಲಿ ಒಣಗಲು ಹಾಕಿಸುವುದು, ಸಂಜೆ ಇವರಿಗೆ ತಿಳಿಸುವುದು. ಒಪ್ಪದಿದ್ದರೆ ಲಾರಿ ಹಿಂದಕ್ಕೆ. ಅದಕ್ಕೂ ಮೇಲಿದ್ದರೆ ಹಿಂದಕ್ಕೆ ಕಳಿಸಿ, ಕೂಡಲೇ ಫೋನ್ ಮಾಡುವುದು. ಈ ಫೋನು ತಿಳಿಸುವುದಕ್ಕೆ, ಅಪ್ಪಣೆ ಕೇಳುವುದಕ್ಕಲ್ಲ. ಎತ್ತದಿದ್ದರೂ ತೀರ್ಮಾನ ನಿಲ್ಲುತ್ತದೆ. ತೂಕದಲ್ಲಿ ರಿಯಾಯಿತಿ ಮತ್ತು ಎರಡು ಲಾಟುಗಳನ್ನು ಕೂಡಿಸುವ ವಿಷಯ ಮಾತ್ರ ಮೊದಲು ಕೇಳಿಯೇ ಮಾಡತಕ್ಕದ್ದು. ಈ ಏರ್ಪಾಡನ್ನು ಗೇಟಿನವರಿಗೂ ಹಮಾಲಿಗಳ ಮೇಸ್ತ್ರಿಗೂ ಮೇಲ್ವಿಚಾರಕಿಯೇ, ಹಿರಿಯರ ಎದುರಿನಲ್ಲಿ ಹೇಳಬೇಕೆಂದು ಒತ್ತಿ ಹೇಳಿದೆ. ಬೇರೆಯವರಿಗೆ ಗೊತ್ತಿಲ್ಲದ ಅಧಿಕಾರ ಲಾರಿಯ ಮುಂದೆ ನಿಂತಾಗ ಉಪಯೋಗಕ್ಕೆ ಬರುವುದಿಲ್ಲ.

ಅವರಿಗೆ ಸಂಕೋಚವಿತ್ತು. ಕಲಿಸಿದವರ ಮುಂದೆ ಹಾಳೆ ಹಿಡಿದು ಷರತ್ತು ಓದುವುದು ಅಹಂಕಾರವಾಗುವುದಿಲ್ಲವೇ ಎಂದು ಕೇಳಿದರು. ‘ಅಣ್ಣ’ ಎಂದು ಕರೆಯುವುದನ್ನು ಬಿಡಬೇಕಾಗಿಲ್ಲ. ಹಾಳೆಯನ್ನು ಕರಡೆಂದು ಕೊಟ್ಟು, “ಇದರಲ್ಲಿ ನಿಮಗೆ ಆಗದೇ ಇರೋದು ಯಾವುದಿದೆ, ಹೇಳಿ ಅಣ್ಣ” ಎಂದು ಕೇಳಿ ಎಂದೆ. ಹಿರಿಯರು ಹೇಳಿದ್ದು ಒಂದೇ: ಸಂಜೆ ಆರರ ನಂತರ ಬರುವ ಲಾರಿಗೆ ಐದು ಚೀಲದ ಮಾದರಿ ತೆಗೆಯಲು ಒಬ್ಬ ಹುಡುಗ ಬೇಕು. ಈ ಒಂದು ತೊಡಕು ವಾರಗಟ್ಟಲೆ ಯಾರ ಕಿವಿಗೂ ಬಿದ್ದಿರಲಿಲ್ಲ.

ವಿಚಾರಿಸುವ ಹೊತ್ತನ್ನು ಕೆಲಸದ ಹಂತಕ್ಕೆ ಕಟ್ಟಿಹಾಕಿದೆವು, ಮನಸ್ಸಿಗೆ ಕಳವಳವಾದಾಗಲೆಲ್ಲ ಹೋಗಿ ನೋಡುವಂತಿಲ್ಲ. ಮೊದಲ ವಾರ ದಿನವೂ ಸಂಜೆ ಹತ್ತು ನಿಮಿಷ ತೇವಾಂಶದ ಪುಸ್ತಕವನ್ನು ಇಬ್ಬರೂ ಕೂಡಿ ನೋಡುವುದು. ಎರಡನೆಯ ವಾರ ದಿನ ಬಿಟ್ಟು ದಿನ. ತಪ್ಪಿಲ್ಲದಿದ್ದರೆ ಆಮೇಲೆ ವಾರಕ್ಕೊಮ್ಮೆ. ನಡುವೆ ಸಮಸ್ಯೆ ಹೊತ್ತು ಬಂದರೆ, ಉತ್ತರ ಕೊಡುವ ಮುಂಚೆ “ನೀವೇನು ಮಾಡಬೇಕು ಅಂತಿದ್ದೀರಿ?” ಎಂದು ಕೇಳುವುದು. ಇಲ್ಲದಿದ್ದರೆ ಕೊಟ್ಟ ಕೆಲಸ ಒಂದೊಂದೇ ಪ್ರಶ್ನೆಯಾಗಿ ಹಿಂದಿರುಗುತ್ತದೆ, ಮತ್ತು ಹಿಂದಿರುಗಿದ್ದು ತಿಂಗಳಾದ ಮೇಲಷ್ಟೇ ಗೊತ್ತಾಗುತ್ತದೆ.

ಎರಡನೆಯ ಭೇಟಿಗೆ ಬಂದಾಗ ಒಂದು ಎಡವಟ್ಟಾಗಿತ್ತು. ಹಿರಿಯರು ಮನೆಗೆ ಹೋದ ಮೇಲೆ ಇವರು ಗುಟ್ಟಾಗಿ ಎಲ್ಲ ಮಾದರಿಗಳನ್ನೂ ಮತ್ತೆ ಮೀಟರಿಗೆ ಹಾಕುತ್ತಿದ್ದರು. ಅದು ತಿಳಿದು ಅವರು, “ನೀವೇ ನೋಡೋದಾದ್ರೆ ನಾನ್ಯಾಕಮ್ಮ?” ಎಂದು ಪುಸ್ತಕ ಬರೆಯುವುದನ್ನೇ ನಿಲ್ಲಿಸಿದ್ದರು. ಮರುಪರೀಕ್ಷೆ ತಪ್ಪಲ್ಲ, ಹಣದ ಲೆಕ್ಕವಿರುವಲ್ಲಿ ಅದು ಬೇಕೇ ಬೇಕು. ಆದರೆ ಮುಂಚೆ ಹೇಳಿ, ಮಿತಿಯಿಟ್ಟು ಮಾಡಬೇಕು. ಹತ್ತು ಲಾಟಿಗೆ ಒಂದನ್ನು ಚೀಟಿ ಎತ್ತಿ ಆರಿಸಿ, ಅವರ ಎದುರಿನಲ್ಲೇ ಪುನಃ ನೋಡುವುದು, ವ್ಯತ್ಯಾಸ ಅರ್ಧ ಶೇಕಡಾ ಮೀರಿದರೆ ಮೀಟರಿನ ದೋಷವೋ ಮಾದರಿಯ ದೋಷವೋ ಎಂದು ಇಬ್ಬರೂ ಹುಡುಕುವುದು ಎಂದು ಹಾಳೆಗೆ ಸೇರಿಸಿದೆವು. ಗುಟ್ಟಾಗಿ ಮಾಡಿದ್ದಕ್ಕೆ ಅವರು ಹಿರಿಯರ ಬಳಿ ನೇರವಾಗಿ ಕ್ಷಮೆ ಕೇಳಿದರು.

ಮಾರ್ಚ್ ಹೊತ್ತಿಗೆ ರೊಬಸ್ಟಾ ಚೆರ್ರಿ ಜೋರಾಗಿ ಬರುತ್ತಿದ್ದಾಗ ಮಾತಾಡಿದೆವು. ಇಳಿಸುವ ಕಡೆ ಅವರು ಈಗ ವಾರಕ್ಕೊಮ್ಮೆ ಮಾತ್ರ ಕೂರುತ್ತಾರೆ. ಔಟ್‌ಟರ್ನ್ ವರದಿಯನ್ನು ತಂಡದ ಕಿರಿಯ ಹುಡುಗಿಗೆ ವಹಿಸಲು ಹೊಸ ಹಾಳೆ ಬರೆದಿದ್ದರು. ಅವಳು ಹೊಸಬಳಾದ್ದರಿಂದ ಅಧಿಕಾರ ಕಡಿಮೆ ಇಟ್ಟು, ವಿಚಾರಿಸುವ ಹೊತ್ತನ್ನು ಹೆಚ್ಚಿಸಲು ಹೇಳಿದೆ. ಬೆಳೆಗಾರರು ಅಂಕಿಯನ್ನು ಪ್ರಶ್ನಿಸಿದಾಗ ಉತ್ತರಿಸುವ ಹೊಣೆಯನ್ನೂ ವರದಿಗೆ ಸಹಿ ಹಾಕುವುದನ್ನೂ ಮೇಲ್ವಿಚಾರಕಿಯೇ ಸದ್ಯಕ್ಕೆ ಉಳಿಸಿಕೊಂಡಿದ್ದಾರೆ.